ಮುಖದ ಬಂಗಿನ ಬಗ್ಗೆ ಚರ್ಮದ ಡಾಕ್ಟರಿಗೆ ಪತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯದಲ್ಲಿ ಫಾರ್ಮಸಿಸ್ಟ್. 14 ವರ್ಷದಿಂದ ಮೆಡಿಕಲ್ ಸ್ಟೋರಿನ ಕೌಂಟರಿನ ಹಿಂದೆ ನಿಂತಿದ್ದೇನೆ. "ಬಂಗಿಗೆ ಒಂದು ಕ್ರೀಮ್ ಕೊಡಿ" ಅಂತ ಕೇಳದ ದಿನವೇ ಇಲ್ಲ. ಎಷ್ಟೋ ಜನಕ್ಕೆ ಹತ್ತು ವರ್ಷದ ಬಂಗು, ಹತ್ತು ಥರದ ಕ್ರೀಮು. ಚರ್ಮದ ಡಾಕ್ಟರ ಹತ್ತಿರ ಹೋದಾಗ ಮಾತ್ರ ಒಂದೂ ನೆನಪಿರುವುದಿಲ್ಲ. ನನ್ನ ಅತ್ತಿಗೆಗೂ ಹಾಗೇ ಆಗಿತ್ತು. 2024ರ ನವೆಂಬರಿನಲ್ಲಿ ನಾವಿಬ್ಬರೂ ಕೂತು ಡಾಕ್ಟರಿಗೆ ಒಂದು ಪತ್ರ ಬರೆದೆವು. ಆಮೇಲೆ ಅದನ್ನು ನೋಡಿದವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಅತ್ತಿಗೆಯನ್ನು ಕೇಳಿಯೇ ಅವರ ವಿಷಯ ಬರೆಯುತ್ತಿದ್ದೇನೆ.

ಎದುರಿಗೇ ಹೇಳಬಹುದಲ್ವಾ, ಪತ್ರ ಯಾಕೆ?

ಹೇಳಬಹುದು. ಆದರೆ ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ನಿಮಗೆ ಸಿಗುವುದು ನಾಲ್ಕೈದು ನಿಮಿಷ. ಅಷ್ಟರಲ್ಲಿ ಎಂಟು ವರ್ಷದ ಕಥೆ ಹೇಳಲು ಆಗುವುದಿಲ್ಲ. ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ ಅನಿಸುತ್ತದೆ ನನಗೆ. ಒಳಗೆ ಒಬ್ಬರೇ ಹೋಗುವುದು ಕಡಿಮೆ. ಜೊತೆಗೆ ಅತ್ತೆ ಇರುತ್ತಾರೆ, ಗಂಡ ಇರುತ್ತಾರೆ. ಗರ್ಭ ನಿಲ್ಲದ ಮಾತ್ರೆ ತಗೊಳ್ಳುತ್ತಿದ್ದೇನೆ, ಯಾರಿಗೂ ಹೇಳದೆ ಬೆಳ್ಳಗಾಗುವ ಕ್ರೀಮ್ ತರಿಸಿಕೊಂಡೆ, ಇಂಥ ಮಾತು ಅವರೆದುರು ಬಾಯಿಗೆ ಬರುವುದಿಲ್ಲ. ಮಡಚಿದ ಹಾಳೆ ಡಾಕ್ಟರ ಕೈಗೆ ಹೋದರೆ ಅವರೇ ಓದಿಕೊಳ್ಳುತ್ತಾರೆ. ಒಂದು ಹಾಳೆಯ ಎರಡು ಪುಟ ಸಾಕು, ಅದಕ್ಕಿಂತ ಉದ್ದ ಬೇಡ.

"ನನಗೆ ಬಂಗು ಇದೆ" ಅಂತ ಬರೆದರೆ ಸಾಕಾ?

ಸಾಲದು. ಅದೇನು ಅಂತ ತೀರ್ಮಾನ ಮಾಡುವ ಕೆಲಸ ಡಾಕ್ಟರದ್ದು. ಏನು ಕಾಣುತ್ತಿದೆ ಅಂತ ನೀವು ಬರೆಯಿರಿ. ಎಲ್ಲಿ ಶುರುವಾಯಿತು, ಯಾವ ವರ್ಷ, ಎರಡೂ ಕೆನ್ನೆಯ ಮೇಲೆ ಒಂದೇ ಥರ ಇದೆಯಾ, ಬಣ್ಣ ಕಂದಾ ಅಥವಾ ನೀಲಿ ಬೆರೆತ ಬೂದಾ, ಕಡಿತ ಇದೆಯಾ, ಬೇಸಿಗೆಯಲ್ಲಿ ಜಾಸ್ತಿಯಾಗುತ್ತಾ.

ಇಷ್ಟು ಕೇಳುವುದಕ್ಕೆ ಕಾರಣ ಇದೆ. ಬಂಗು ಸಾಮಾನ್ಯವಾಗಿ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಆಕಾರದಲ್ಲಿ ಬೀಳುತ್ತದೆ. ಕೆನ್ನೆ, ಹಣೆ, ಮೂಗು, ಮೇಲ್ದುಟಿ ಅದರ ಜಾಗ. ಅದು ಕಡಿಯುವುದಿಲ್ಲ. ಕಡಿತದ ಜೊತೆ ಹಣೆಯ ಅಂಚಿನಲ್ಲಿ, ಕಿವಿಯ ಮುಂದೆ ಕಪ್ಪಾದರೆ ತಲೆಗೆ ಹಚ್ಚುವ ಡೈ ಮೇಲೆ ಅನುಮಾನ ಬರಬೇಕು. ಹುಬ್ಬುಗಳ ಮಧ್ಯೆ ಮಾತ್ರ ಕಪ್ಪಾದರೆ ಕುಂಕುಮದ ಮೇಲೆ. ಕತ್ತಿನ ಹಿಂದೆ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಬೇರೆಯೇ ವಿಷಯ. ಅಂಥವರಿಗೆ ಡಾಕ್ಟರು ಸಕ್ಕರೆ ಪರೀಕ್ಷೆಗೆ ಬರೆದುಕೊಡುತ್ತಾರೆ. ಬಂಗಿನ ಕ್ರೀಮು ಇವು ಯಾವುದಕ್ಕೂ ಔಷಧಿ ಅಲ್ಲ.

ಹಚ್ಚಿದ ಕ್ರೀಮುಗಳನ್ನೆಲ್ಲ ಬರೆಯಬೇಕಾ? ಕೆಲವು ಹೆಸರೇ ಮರೆತುಹೋಗಿದೆ.

ಪತ್ರದ ಜೀವ ಇರುವುದೇ ಇಲ್ಲಿ. ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಮೊದಲು ಮನೆಯಲ್ಲಿರುವ ಟ್ಯೂಬುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಳ್ಳಿ. ಖಾಲಿಯಾಗಿ ಸುರುಟಿಕೊಂಡಿದ್ದರೂ ಸರಿ. ಟ್ಯೂಬಿನ ಮುಂದೆ ದೊಡ್ಡದಾಗಿ ಬರೆದಿರುವುದು ಕಂಪನಿಯ ಹೆಸರು. ನಮಗೆ ಬೇಕಾದದ್ದು ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಮತ್ತು ಅದರ ಪಕ್ಕದ ಶೇಕಡಾ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಅತ್ತಿಗೆ ತಂದ ಟ್ಯೂಬಿನ ಮೇಲೆ ಮೂರು ಹೆಸರಿದ್ದವು: ಹೈಡ್ರೋಕ್ವಿನೋನ್ 2, ಟ್ರೆಟಿನಾಯಿನ್ 0.025, ಮೊಮೆಟಾಸೋನ್ 0.1. ನಮ್ಮ ಕಡೆ ಬಂಗಿಗೆ ತುಂಬಾ ಓಡುವ ಬೆರಕೆ ಇದು. ಮೊದಲನೆಯದು ಕಪ್ಪು ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಎರಡನೆಯದು ಹಳೆಯ ಚರ್ಮ ಬೇಗ ಉದುರುವ ಹಾಗೆ ಮಾಡುತ್ತದೆ. ಮೂರನೆಯದು ಸ್ಟೀರಾಯ್ಡ್. ಇಂಥ ಮೂರರ ಬೆರಕೆಯನ್ನು 1975ರಲ್ಲಿ ಅಮೆರಿಕದ ಕ್ಲಿಗ್ಮನ್ ಮತ್ತು ವಿಲ್ಲಿಸ್ ಎಂಬ ಡಾಕ್ಟರುಗಳು ಪ್ರಕಟಿಸಿದರು. ಔಷಧಿಯಾಗಿ ಅದು ಕೆಟ್ಟದ್ದಲ್ಲ. ಆದರೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆರಕೆಯಲ್ಲಿ ಇರುವ ಸ್ಟೀರಾಯ್ಡ್ ಇದಕ್ಕಿಂತ ಮೃದು, ಅದನ್ನೂ ಹಚ್ಚುವುದು 8 ವಾರದ ಮಟ್ಟಿಗೆ. ನಮ್ಮಲ್ಲಿ ಮೊಮೆಟಾಸೋನ್ ಹಾಕಿದ್ದನ್ನು ಜನ ಸ್ನೋ ಹಾಗೆ ವರ್ಷಗಟ್ಟಲೆ ಹಚ್ಚುತ್ತಾರೆ.

ಎಷ್ಟು ಹಚ್ಚಿದಿರಿ ಅಂತ ನೆನಪಿಲ್ಲದಿದ್ದರೆ ಟ್ಯೂಬಿನಿಂದ ಲೆಕ್ಕ ಹಾಕಿ. ಅತ್ತಿಗೆಗೆ 15 ಗ್ರಾಮಿನ ಒಂದು ಟ್ಯೂಬು ಒಂದು ತಿಂಗಳು ಬರುತ್ತಿತ್ತು. ಅಂದರೆ ದಿನಕ್ಕೆ ಅರ್ಧ ಗ್ರಾಂ, ತೋರುಬೆರಳಿನ ಒಂದು ಗೆಣ್ಣಿನ ಉದ್ದ. ಶುರು ಮಾಡಿದ್ದು 2022ರ ಸೆಪ್ಟೆಂಬರಿನಲ್ಲಿ. ಪತ್ರ ಬರೆಯುವ ಹೊತ್ತಿಗೆ 26 ತಿಂಗಳು. 26 ಟ್ಯೂಬು, 390 ಗ್ರಾಂ. ಈ ಸಂಖ್ಯೆ ಬರೆದಾಗ ಅತ್ತಿಗೆ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತರು. "ಒಂದೊಂದು ಟ್ಯೂಬಾಗಿ ತಂದಾಗ ಗೊತ್ತಾಗಲಿಲ್ಲ ಕಣವ್ವ" ಅಂದರು.

ಹೆಸರು ಮರೆತಿದ್ದರೆ ಡಬ್ಬಿಯ ಬಣ್ಣ, ಕ್ರೀಮಿನ ಬಣ್ಣ, ಯಾರು ಕೊಟ್ಟರು, ಎಷ್ಟು ದಿನದಲ್ಲಿ ಬೆಳ್ಳಗಾಯಿತು ಅಂತ ಬರೆಯಿರಿ. ಹೆಸರು, ತಯಾರಕರ ವಿಳಾಸ, ಒಳಗಿರುವ ವಸ್ತುಗಳ ಪಟ್ಟಿ ಯಾವುದೂ ಇಲ್ಲದ ಡಬ್ಬಿ ಆಗಿದ್ದರೆ ಅದನ್ನೂ ತೋರಿಸಿ. ಅಂಥ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿಗೆ ತೊಂದರೆ ಮಾಡುತ್ತದೆ. ಕಾಲು ಊದುತ್ತಿದ್ದರೆ, ಮೂತ್ರದಲ್ಲಿ ಜಾಸ್ತಿ ನೊರೆ ಬರುತ್ತಿದ್ದರೆ ಆ ಸಾಲನ್ನು ಪತ್ರದ ಮೇಲ್ಗಡೆಯೇ ಬರೆಯಿರಿ.

ಸ್ಟೀರಾಯ್ಡಿನಿಂದ ಮುಖ ಹಾಳಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಶುರುವಿನಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಎರಡೇ ವಾರಕ್ಕೆ ಮುಖ ಚೆನ್ನಾಗಿ ಕಾಣುತ್ತದೆ. ಅಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು. ತಿಂಗಳುಗಳು ಕಳೆದ ಮೇಲೆ ಚರ್ಮ ತೆಳ್ಳಗಾಗುತ್ತದೆ. ಕೆನ್ನೆ ಮೇಲೆ ಸಣ್ಣ ಸಣ್ಣ ಕೆಂಪು ನರ ಕಾಣಿಸುತ್ತವೆ. ಮೊಡವೆ ಏಳುತ್ತದೆ, ಕೂದಲು ಜಾಸ್ತಿಯಾಗುತ್ತದೆ. ಬಿಸಿಲಿಗೆ ಹೋದರೆ, ಒಲೆ ಮುಂದೆ ನಿಂತರೆ ಮುಖ ಉರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ಗುರುತು ಒಂದಿದೆ. ಕ್ರೀಮ್ ಬಿಟ್ಟ ಎರಡು ಮೂರು ದಿನಕ್ಕೆ ಕೆಂಪಾಗಿ, ಉರಿದು, ಮತ್ತೆ ಹಚ್ಚಿದ ಕೂಡಲೇ ತಣ್ಣಗಾಗುವುದು. ಆಗ ಮುಖಕ್ಕೆ ಆ ಕ್ರೀಮು ಅಭ್ಯಾಸ ಆಗಿಬಿಟ್ಟಿದೆ ಅಂತ ಅರ್ಥ. ಅತ್ತಿಗೆ ಇದನ್ನು "ಬಂಗು ವಾಪಸ್ ಬರ್ತಾ ಇದೆ" ಅಂದುಕೊಂಡು ಪ್ರತಿ ಸಲ ಹೊಸ ಟ್ಯೂಬು ತಂದರು. ವಾಪಸ್ ಬರುತ್ತಿದ್ದದ್ದು ಬಂಗು ಮಾತ್ರ ಅಲ್ಲ.

ಹೈಡ್ರೋಕ್ವಿನೋನಿಗೂ ಒಂದು ಗುರುತಿದೆ. ವರ್ಷಗಟ್ಟಲೆ ಹಚ್ಚಿದ ಕೆಲವರಿಗೆ ಅದೇ ಜಾಗದಲ್ಲಿ ನೀಲಿ ಕಪ್ಪು ಬಣ್ಣ, ಸಾಸಿವೆಗಿಂತ ಸಣ್ಣ ಚುಕ್ಕಿ ಬರುತ್ತವೆ. ಹಚ್ಚಿದಷ್ಟೂ ಕಪ್ಪಾಗುತ್ತಿದೆ ಅನಿಸಿದರೆ ಅದನ್ನು ಹಾಗೇ ಬರೆಯಿರಿ.

ಹಾಗಾದರೆ ಇವತ್ತೇ ಕ್ರೀಮ್ ಬಿಟ್ಟುಬಿಡಲಾ?

ತಿಂಗಳುಗಟ್ಟಲೆ ದಿನಾ ಹಚ್ಚಿದ್ದರೆ ನಿಮ್ಮಷ್ಟಕ್ಕೆ ದಿಢೀರನೆ ಬಿಡಬೇಡಿ, ಆದಷ್ಟು ಬೇಗ ಡಾಕ್ಟರನ್ನು ನೋಡಿ. ಬಿಟ್ಟಾಗ ಮುಖ ಊದಿಕೊಂಡು ಉರಿಯಬಹುದು. ಹೆದರಿ ಜನ ಇನ್ನೂ ಜೋರಾದ ಕ್ರೀಮ್ ತಂದುಕೊಳ್ಳುತ್ತಾರೆ. ಕೆಲವರಿಗೆ ಡಾಕ್ಟರು ದಿನ ಬಿಟ್ಟು ದಿನ ಮಾಡಿಸಿ ನಿಧಾನಕ್ಕೆ ಬಿಡಿಸುತ್ತಾರೆ, ಕೆಲವರಿಗೆ ಒಂದೇ ಸಲ ನಿಲ್ಲಿಸಿ ಬೇರೆ ಔಷಧಿ ಕೊಡುತ್ತಾರೆ. ಮುಖ ನೋಡಿ ಹೇಳುವ ಮಾತು ಅದು. ಬಸುರಿ ಆಗಿದ್ದರೆ, ಆಗಿರಬಹುದು ಅಂತ ಅನುಮಾನ ಇದ್ದರೆ ಮಾತ್ರ ಕಾಯಬೇಡಿ. ಈ ಬೆರಕೆ ಕ್ರೀಮನ್ನು ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ಮೆಡಿಕಲ್ ಸ್ಟೋರಿನಲ್ಲೇ ಕೊಟ್ಟರಲ್ಲ, ಅದು ತಪ್ಪಾ?

ತಪ್ಪು. ನನ್ನ ವೃತ್ತಿಯವರ ತಪ್ಪೂ ಇದರಲ್ಲಿದೆ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಪತ್ರದಲ್ಲಿ ಅಂಗಡಿಯ ಹೆಸರು ಬೇಕಾಗಿಲ್ಲ. "ಚೀಟಿ ಇಲ್ಲದೆ ತಗೊಂಡೆ" ಅಂತ ಬರೆದರೆ ಸಾಕು.

ಮನೆಮದ್ದೂ ಬರೆಯಬೇಕಾ?

ಬರೆಯಿರಿ, ಒಂದೆರಡು ಸಾಲು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ನಾರು ಹಾಕಿ ಉಜ್ಜಿದರೂ ಕಪ್ಪಾಗುತ್ತದೆ.

ಬಿಸಿಲಿನ ವಿಷಯ ಎಷ್ಟು ಬರೆಯಬೇಕು?

ನಿಮ್ಮ ಒಂದು ದಿನ ಹೇಗಿರುತ್ತದೋ ಹಾಗೆ. "ಬಿಸಿಲಿಗೆ ಹೋಗ್ತೀರಾ?" ಅಂದರೆ ಎಲ್ಲರೂ "ಇಲ್ಲ ಡಾಕ್ಟ್ರೇ" ಅಂತಾರೆ. ಮಗುವನ್ನು ಸ್ಕೂಲಿಗೆ ಬಿಟ್ಟು ಬರುವ ಇಪ್ಪತ್ತು ನಿಮಿಷ, ಬಟ್ಟೆ ಒಣಹಾಕುವುದು, ಬಸ್ಸಿನ ಕಿಟಕಿ ಪಕ್ಕ ಕೂತು ಮೈಸೂರಿಗೆ ಹೋಗಿ ಬರುವುದು, ಇದೆಲ್ಲ ಬಿಸಿಲೇ.

ಬರೀ ಬಿಸಿಲೂ ಅಲ್ಲ, ಕಾವಿನಿಂದಲೂ ಬಂಗು ಜಾಸ್ತಿಯಾಗುತ್ತದೆ. ನಮ್ಮ ಅಣ್ಣನ ಆಲೆಮನೆ ಇದೆ. ಅತ್ತಿಗೆ ಬೆಳಗಿನ ಜಾವ ಐದರಿಂದ ಕೊಪ್ಪರಿಗೆ ಮುಂದೆ ನಿಂತು ಕುದಿಯುವ ಕಬ್ಬಿನ ಹಾಲಿನ ಮೇಲಿನ ಮಡ್ಡಿ ತೆಗೆಯುತ್ತಾರೆ. ಬಗ್ಗಿದಾಗ ಆವಿ ನೇರ ಮುಖಕ್ಕೆ ಹೊಡೆಯುತ್ತದೆ. ನಾನು ಪಕ್ಕ ನಿಂತು ನೋಡಿದೆ. ಹತ್ತು ನಿಮಿಷಕ್ಕೆ ಅವರ ಕೆನ್ನೆ ಕೆಂಡದ ಹಾಗಾಯಿತು, ಕಪ್ಪಿನ ಅಂಚು ಎದ್ದು ಕಂಡಿತು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. "ನಾನು ಬಿಸಿಲಿಗೆ ಹೋಗೋದೇ ಇಲ್ಲ" ಅಂತ ಅವರು ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ, ಆದರೆ ಅರ್ಧ ಮಾತ್ರ ಆಗಿತ್ತು.

ಬೇರೆ ಔಷಧಿ, ಹೆರಿಗೆ, ಮನೆಯವರ ವಿಷಯ ಯಾಕೆ ಬೇಕು?

ಬಂಗಿಗೆ ಹಾರ್ಮೋನಿನ ಸಂಬಂಧ ಇದೆ. ಬಸುರಿನಲ್ಲಿ ಶುರುವಾಗುವುದು, ಗರ್ಭನಿರೋಧಕ ಮಾತ್ರೆಯಿಂದ ಜಾಸ್ತಿಯಾಗುವುದು ಎರಡೂ ಸಾಮಾನ್ಯ. ಅಮ್ಮನಿಗೋ ಅಕ್ಕನಿಗೋ ಇದ್ದರೆ ನಮಗೂ ಬರುವುದು ಜಾಸ್ತಿ. ಥೈರಾಯಿಡ್ ಮಾತ್ರೆ ತಗೊಳ್ಳುತ್ತಿದ್ದರೆ ಬರೆಯಿರಿ.

ಇದರಲ್ಲಿ ಒಂದು ವಿಷಯ ಜೀವಕ್ಕೆ ಸಂಬಂಧಿಸಿದ್ದು. ಬಂಗಿಗೆ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಮಾತ್ರೆ ಕೊಡುತ್ತಾರೆ. ಸಾಮಾನ್ಯವಾಗಿ 250 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಕೆಲವು ತಿಂಗಳು. ಅದು ಮೂಲದಲ್ಲಿ ರಕ್ತಸ್ರಾವ ನಿಲ್ಲಿಸುವ ಔಷಧಿ. ಅಂದರೆ ರಕ್ತ ಹೆಪ್ಪುಗಟ್ಟುವ ಸ್ವಭಾವ ಇರುವವರಿಗೆ ಅಪಾಯ. ಹಾರ್ಮೋನು ಇರುವ ಗರ್ಭನಿರೋಧಕ ಮಾತ್ರೆಯಿಂದಲೂ ಆ ಅಪಾಯ ಇದೆ. ಎರಡೂ ಒಟ್ಟಿಗೆ ಆಗಬಾರದು. ಅತ್ತಿಗೆ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರು. ಪತ್ರವನ್ನು ಅಣ್ಣ ಓದುತ್ತಾನೆ ಅಂತ ಆ ಸಾಲು ಬರೆಯಲು ಒಪ್ಪಲಿಲ್ಲ. ಕೊನೆಗೆ ಹಾಳೆಯನ್ನು ಕವರಿನಲ್ಲಿ ಹಾಕಿ ಅಂಟಿಸಿದೆವು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಸ್ಟ್ರೋಕ್ ಆಗಿದ್ದರೆ, ಪದೇ ಪದೇ ಗರ್ಭಪಾತ ಆಗಿದ್ದರೆ, ಹತ್ತಿರದ ರಕ್ತಸಂಬಂಧಿಗಳಲ್ಲಿ ಹಾಗೆ ಆಗಿದ್ದರೆ ನಾಚಿಕೆ ಪಡದೆ ಬರೆಯಿರಿ.

ಅತ್ತಿಗೆ ಬರೆದ ಪತ್ರ ತೋರಿಸುತ್ತೀರಾ?

ಹೆಸರು, ಊರು ತೆಗೆದು ಹಾಗೇ ಕೊಡುತ್ತಿದ್ದೇನೆ.

> ಡಾಕ್ಟರಿಗೆ ನಮಸ್ಕಾರ.
>
> ನನಗೆ 37 ವರ್ಷ. ಎರಡು ಮಕ್ಕಳು. 2016ರಲ್ಲಿ ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆ ಮೇಲೆ ಕಂದು ಬಣ್ಣ ಬಂತು. ಹೆರಿಗೆ ಆದ ಮೇಲೆ ಸ್ವಲ್ಪ ಕಮ್ಮಿಯಾಗಿ, 2019ರಲ್ಲಿ ಮತ್ತೆ ಜಾಸ್ತಿಯಾಯಿತು. ಈಗ ಕೆನ್ನೆ, ಮೂಗಿನ ಮೇಲೆ, ಮೇಲ್ದುಟಿ ಮೇಲೆ ಇದೆ. ಕಡಿತ ಇಲ್ಲ. ಬೇಸಿಗೆಯಲ್ಲಿ ಜಾಸ್ತಿ. ನಮ್ಮ ಅಮ್ಮನಿಗೂ ಇತ್ತು.
>
> 2019ರಿಂದ ಮೂರು ವರ್ಷ ಅಂಗಡಿಯಲ್ಲಿ ಸಿಗುವ ಬೆಳ್ಳಗಾಗುವ ಕ್ರೀಮ್ ಹಚ್ಚಿದೆ, ಏನೂ ಆಗಲಿಲ್ಲ. ನಿಂಬೆಹಣ್ಣು, ಅರಿಶಿನ ಹಚ್ಚಿದ್ದೇನೆ. 2022ರ ಸೆಪ್ಟೆಂಬರಿನಿಂದ ಇವತ್ತಿನವರೆಗೆ ಹೈಡ್ರೋಕ್ವಿನೋನ್ 2, ಟ್ರೆಟಿನಾಯಿನ್ 0.025, ಮೊಮೆಟಾಸೋನ್ 0.1 ಇರುವ ಕ್ರೀಮನ್ನು ಪ್ರತಿ ರಾತ್ರಿ ಹಚ್ಚಿದ್ದೇನೆ. ಚೀಟಿ ಇಲ್ಲದೆ ತಗೊಂಡೆ. ಸುಮಾರು 26 ಟ್ಯೂಬು ಆಗಿದೆ. ಕೊನೆಯ ಟ್ಯೂಬು ತಂದಿದ್ದೇನೆ.
>
> ಮೊದಲ ಎರಡು ತಿಂಗಳು ಮುಖ ಬೆಳ್ಳಗಾಯಿತು. ಒಂದು ವರ್ಷದಿಂದ ಬಿಟ್ಟರೆ ಎರಡೇ ದಿನಕ್ಕೆ ಉರಿ, ಕೆಂಪು. ಕೆನ್ನೆ ಮೇಲೆ ಕೆಂಪು ನರ ಕಾಣುತ್ತವೆ. ಗಲ್ಲದಲ್ಲಿ ಕೂದಲು ಬರುತ್ತಿದೆ.
>
> ಆಲೆಮನೆಯಲ್ಲಿ ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಒಲೆ ಕಾವಿನ ಮುಂದೆ ಇರುತ್ತೇನೆ. ಆ ಕೆಲಸ ಬಿಡಲು ಆಗುವುದಿಲ್ಲ. ಸನ್‌ಸ್ಕ್ರೀನ್ ಹಚ್ಚುವುದಿಲ್ಲ, ಬೆವರಿಗೆ ಕಣ್ಣಿಗೆ ಇಳಿಯುತ್ತದೆ.
>
> ನಾಲ್ಕು ವರ್ಷದಿಂದ ಗರ್ಭ ನಿಲ್ಲದ ಮಾತ್ರೆ ತಗೊಳ್ಳುತ್ತಿದ್ದೇನೆ. ಇದನ್ನು ಜೊತೆಗೆ ಬಂದವರ ಎದುರು ಕೇಳಬೇಡಿ. ರಕ್ತ ಹೆಪ್ಪುಗಟ್ಟಿದ್ದು ಇಲ್ಲ. ಸಕ್ಕರೆ, ಬಿ.ಪಿ. ಇಲ್ಲ. ಥೈರಾಯಿಡ್ ಪರೀಕ್ಷೆ ಮಾಡಿಸಿಲ್ಲ.
>
> ನನ್ನ ಪ್ರಶ್ನೆಗಳು: ಈ ಕ್ರೀಮನ್ನು ಹೇಗೆ ಬಿಡಬೇಕು, ಉರಿ ಬಂದರೆ ಏನು ಮಾಡಬೇಕು? ಈಗ ಕಾಣುವುದರಲ್ಲಿ ಬಂಗು ಎಷ್ಟು, ಕ್ರೀಮಿನಿಂದ ಆಗಿದ್ದು ಎಷ್ಟು? ಮಾತ್ರೆ ಬದಲಿಸಬೇಕಾ? ಕೆಲಸ ಬಿಡದೆ ಮುಖ ಕಾಪಾಡಿಕೊಳ್ಳುವುದು ಹೇಗೆ? ಲೇಸರ್ ಮಾಡಿಸಿದರೆ ಪೂರ್ತಿ ಹೋಗುತ್ತದಾ?

ಚಿಕಿತ್ಸೆ ಬಗ್ಗೆ ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ.

ಪತ್ರದ ಕೊನೆಯಲ್ಲಿ ನಾಲ್ಕೈದು ಪ್ರಶ್ನೆ ಸಾಕು. ಯಾವ ಔಷಧಿ ಕೊಟ್ಟರೂ "ಎಷ್ಟು ವಾರ ಹಚ್ಚಬೇಕು, ಯಾವತ್ತು ನಿಲ್ಲಿಸಬೇಕು" ಅಂತ ಕೇಳಿ. ಅತ್ತಿಗೆಯ 26 ಟ್ಯೂಬಿನ ಹಿಂದೆ ಇದ್ದದ್ದು ಈ ಒಂದು ಪ್ರಶ್ನೆ ಯಾರೂ ಕೇಳದೆ ಹೋದದ್ದು.

ಬಂಗು ಎಷ್ಟು ಆಳದಲ್ಲಿದೆ ಅಂತಲೂ ಕೇಳಿ. ವುಡ್ಸ್ ಲ್ಯಾಂಪ್ ಅನ್ನುವ ನೀಲಿ ಬೆಳಕಿನ ದೀಪ ಹಿಡಿದು ನೋಡುತ್ತಾರೆ. ಮೇಲ್ಪದರದ ಬಣ್ಣ ಆ ಬೆಳಕಿನಲ್ಲಿ ಎದ್ದು ಕಾಣುತ್ತದೆ, ಆಳದ್ದು ಅಷ್ಟು ಕಾಣುವುದಿಲ್ಲ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಈ ಪರೀಕ್ಷೆ ಅಷ್ಟು ಖಚಿತ ಅಲ್ಲ, ಅಂದಾಜಿಗೆ ಸಹಾಯ ಮಾಡುತ್ತದೆ. ಆಳದಲ್ಲಿರುವ ಬಣ್ಣ ಹೋಗುವುದು ಕಷ್ಟ, ತುಂಬಾ ನಿಧಾನ.

ಲೇಸರ್ ಬಗ್ಗೆ ಕೇಳದವರಿಲ್ಲ. ಬಂಗಿಗೆ ಅದು ಮೊದಲ ಚಿಕಿತ್ಸೆ ಅಲ್ಲ. ತಾತ್ಕಾಲಿಕವಾಗಿ ತಿಳಿಯಾಗಬಹುದು, ಆದರೆ ಮತ್ತೆ ಬರುವುದು ಸಾಮಾನ್ಯ. ನಮ್ಮ ಬಣ್ಣದ ಚರ್ಮ ಲೇಸರಿನ ಕಾವಿಗೆ ಮೊದಲಿಗಿಂತ ಕಪ್ಪಾಗುವುದೂ ಉಂಟು. ಸ್ಟೀರಾಯ್ಡಿನಿಂದ ತೆಳ್ಳಗಾದ ಮುಖಕ್ಕಂತೂ ಲೇಸರ್, ಪೀಲ್ ಅಂತ ಯಾರಾದರೂ ಮೊದಲ ದಿನವೇ ಪ್ಯಾಕೇಜ್ ಹೇಳಿದರೆ ದುಡ್ಡು ಕಟ್ಟಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳಿ.

ಸನ್‌ಸ್ಕ್ರೀನ್ ಬಗ್ಗೆ ಕೇಳುವಾಗ ಬಣ್ಣ ಇರುವುದು ಬೇಕಾ ಅಂತ ಕೇಳಿ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಕಪ್ಪಾಗುತ್ತದೆ. ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ, ಐರನ್ ಆಕ್ಸೈಡ್ ಇರುವ ಕಂದು ಬಣ್ಣದ್ದು ತಡೆಯುತ್ತದೆ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಬೇಕು. ಬಟಾಣಿಯಷ್ಟು ಹಚ್ಚಿದರೆ ಹಚ್ಚದ ಹಾಗೇ.

ಯಾರ ಹತ್ತಿರ ಹೋಗಬೇಕು?

ಬೋರ್ಡಿನಲ್ಲಿ "ಸ್ಕಿನ್ ಕ್ಲಿನಿಕ್" ಅಂತ ಇದ್ದರೆ ಸಾಲದು. ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ವಿ.ಡಿ. ಓದಿರಬೇಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡರಲ್ಲೂ ಚರ್ಮರೋಗ ವಿಭಾಗ ಇದೆ.

ಪತ್ರ ಕೊಟ್ಟ ಮೇಲೆ ಏನಾಯಿತು?

ಡಾಕ್ಟರು ಎರಡು ಸಲ ಓದಿದರು. ಅಣ್ಣನನ್ನು "ಹೊರಗೆ ಕೂತಿರಿ" ಅಂತ ಕಳಿಸಿ ಮಾತ್ರೆ ವಿಷಯ ಕೇಳಿದರು. ಟ್ರಾನೆಕ್ಸಾಮಿಕ್ ಆಸಿಡ್ ಬರೆಯಬೇಕು ಅಂತಿದ್ದೆ, ಈಗ ಬೇಡ ಅಂದರು. ಹೆರಿಗೆ ಡಾಕ್ಟರ ಹತ್ತಿರ ಕಳಿಸಿದರು. ಅತ್ತಿಗೆ ಅಲ್ಲಿ ಮಾತಾಡಿ ಕಾಪರ್‌ಟಿ ಹಾಕಿಸಿಕೊಂಡರು.

ಕ್ರೀಮನ್ನು ಮೂರು ವಾರದಲ್ಲಿ ಬಿಡಿಸಿದರು. ಮೊದಲ ಮೂರು ತಿಂಗಳು ಬಂಗಿಗೆ ಅಂತ ಏನೂ ಕೊಡಲಿಲ್ಲ. ವಾಸನೆ ಇಲ್ಲದ ಮಾಯಿಶ್ಚರೈಸರ್, ಬಣ್ಣದ ಸನ್‌ಸ್ಕ್ರೀನ್, ಉರಿ ಬಂದರೆ ತಣ್ಣೀರಿನ ಬಟ್ಟೆ. ಕ್ರೀಮ್ ಪೂರ್ತಿ ಬಿಟ್ಟ ಮೇಲೆ ಎರಡು ವಾರ ತುಂಬಾ ಕಷ್ಟ ಆಯಿತು. ಮುಖ ಊದಿ, ಬಂಗು ಮೊದಲಿಗಿಂತ ಕಪ್ಪಾಗಿ ಕಂಡಿತು. ಒಂದು ರಾತ್ರಿ ಹಳೆಯ ಟ್ಯೂಬ್ ಕೊಡು ಅಂತ ನನಗೆ ಫೋನ್ ಮಾಡಿ ಅತ್ತರು. ನಾನು ಕೊಡಲಿಲ್ಲ. ಹೀಗಾಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ನನಗೂ ಧೈರ್ಯ ಇತ್ತು.

ಆಮೇಲೆ ಅಜೆಲಾಯಿಕ್ ಆಸಿಡ್ ಕ್ರೀಮ್ ಶುರು ಮಾಡಿದರು. ಅದರಲ್ಲಿ ಸ್ಟೀರಾಯ್ಡ್ ಇಲ್ಲ, ನಿಧಾನ. ಎಂಟು ತಿಂಗಳಿಗೆ ಕೆನ್ನೆಯ ಕಪ್ಪು ಅಂಚಿನಿಂದ ತಿಳಿಯಾಗಿದೆ. ಮೇಲ್ದುಟಿಯ ಮೇಲೆ ಹಾಗೇ ಇದೆ. ಪೂರ್ತಿ ಹೋಗುತ್ತದೆ ಅಂತ ಡಾಕ್ಟರು ಹೇಳಿಲ್ಲ.

ಎರಡನೇ ಸಲ ಹೋಗುವಾಗಲೂ ಪತ್ರ ಬೇಕಾ?

ಅರ್ಧ ಪುಟ ಸಾಕು. ಕೊಟ್ಟದ್ದನ್ನು ಎಷ್ಟು ದಿನ ಹಚ್ಚಿದಿರಿ, ಎಷ್ಟು ದಿನ ತಪ್ಪಿತು, ಏನಾಯಿತು. ಜೊತೆಗೆ ಫೋಟೋ. ಪ್ರತಿ ತಿಂಗಳು ಒಂದೇ ಕಿಟಕಿ ಪಕ್ಕ, ಒಂದೇ ಹೊತ್ತಿನಲ್ಲಿ, ಪೌಡರ್ ಇಲ್ಲದೆ ತೆಗೆಯಿರಿ. ಮೊಬೈಲಿನ ಬ್ಯೂಟಿ ಮೋಡ್ ಆಫ್ ಇರಲಿ.

ಅತ್ತಿಗೆ ಎರಡನೇ ಪತ್ರವನ್ನು ನನ್ನ ಸಹಾಯ ಇಲ್ಲದೆ ಬರೆದರು. ಅದರ ಕೊನೆಯ ಸಾಲುಗಳು ಹೀಗಿವೆ: "ಆಲೆಮನೆಯಲ್ಲಿ ಈಗ ಉದ್ದ ಹಿಡಿಯ ಜಾಲರಿ ಮಾಡಿಸಿದ್ದೇವೆ, ಎರಡು ಹೆಜ್ಜೆ ಹಿಂದೆ ನಿಂತು ಮಡ್ಡಿ ತೆಗೆಯುತ್ತೇನೆ. ಸನ್‌ಸ್ಕ್ರೀನ್ ಹತ್ತು ದಿನ ತಪ್ಪಿದೆ. ಮಾತ್ರೆ ಬಿಟ್ಟಿದ್ದು ಮನೆಯವರಿಗೆ ಹೇಳಿದ್ದೇನೆ, ಇನ್ನು ಅವರೆದುರೇ ಕೇಳಬಹುದು."